ಬಾಯಿಯ ವಾಸನೆಯೊಂದೇ ಸಾಕ್ಷ್ಯವೇ?

ಪ್ರಶ್ನೆ: ಕಾರ್ಖಾನೆಗೆ ಒಬ್ಬನು ಕುಡಿದು ಬಂದಿರುವನೆಂಬ ಸಂಶಯವುಂಟಾದರೆ ಮೇಲ್ವಿಚಾರಕನು ಏನು ಮಾಡಬೇಕು?

ಉತ್ತರ: ಮೊದಲು ಅವನನ್ನು ಯಂತ್ರದ ಬಳಿಯಿಂದ ಸರಿಸಬೇಕು, ದೋಷನಿರ್ಣಯವು ಆಮೇಲಿನ ಮಾತು. ವಾಸನೆ, ತೊದಲು ನುಡಿ, ತಡವರಿಸುವ ನಡೆ, ಇವುಗಳಿಂದಲೇ ಮದ್ಯಪಾನವು ನಿಶ್ಚಿತವಾಗಿ ಸಿದ್ಧವಾಗದೆಂದು ಸರ್ವೋಚ್ಚ ನ್ಯಾಯಾಲಯವು 1971ರಲ್ಲಿಯೇ, ರಸ್ತೆ ಅಪಘಾತದ ಮೊಕದ್ದಮೆಯೊಂದರಲ್ಲಿ, ಹೇಳಿರುತ್ತದೆ. ರಾತ್ರಿ ಪಾಳಿಯ ಮಧುಮೇಹಿಯೊಬ್ಬನು ಊಟ ತಪ್ಪಿಸಿ, ರಕ್ತದ ಸಕ್ಕರೆ ಇಳಿದು, ಬೆವರುತ್ತ ಅಸಂಬದ್ಧವಾಗಿ ಮಾತನಾಡತೊಡಗಿದನೆನ್ನಿ. ಅವನನ್ನು ಕುಡುಕನೆಂದು ಮನೆಗೆ ಅಟ್ಟುವುದು ಅವನ ಪ್ರಾಣಕ್ಕೇ ಸಂಚಕಾರವಾದೀತು. ಆದುದರಿಂದ ಇಬ್ಬರು ಕಂಡುದನ್ನು ಕಂಡಂತೆಯೇ ವೇಳೆಸಹಿತ ಬರೆದು, ವೈದ್ಯನನ್ನು ಕರೆಸಿ, ಒಪ್ಪಿಗೆ ಪಡೆದು ಉಸಿರಿನ ಪರೀಕ್ಷೆ ಮಾಡಿಸತಕ್ಕದ್ದು. ಮದ್ಯಸಾರವುಳ್ಳ ಔಷಧದಿಂದ ಬಾಯಿ ಮುಕ್ಕಳಿಸಿದವನಲ್ಲಿಯೂ ಯಂತ್ರವು ಅಂಕಿ ತೋರಿಸುವುದರಿಂದ, ಹದಿನೈದು ನಿಮಿಷ ಕಾಯಿಸಿಯೇ ಊದಿಸಬೇಕು. ಗಾಂಜಾ ಮೊದಲಾದವುಗಳನ್ನಾದರೋ ಈ ಯಂತ್ರವು ಅರಿಯದು, ಮೂತ್ರಪರೀಕ್ಷೆಯಾದರೆ ಹಿಂದಿನ ದಿನಗಳ ಸೇವನೆಯನ್ನೂ ತೋರಿಸಿ, ಈಗಿನ ಅಮಲನ್ನು ಮಾತ್ರ ಹೇಳಲಾರದು. ಫಲಿತಾಂಶ ಏನೇ ಇರಲಿ, ವೈದ್ಯನು ಒಪ್ಪಿದ ಮೇಲೆಯೇ ಅವನನ್ನು ಒಬ್ಬರ ಜೊತೆಯಲ್ಲಿ ಮನೆಗೆ ಕಳುಹಿಸಿ, ವಿಚಾರಣೆಯನ್ನು ಮರುದಿನ, ಅವನು ಸ್ವಸ್ಥನಾಗಿರುವಾಗ ನಡೆಸುವುದೇ ನ್ಯಾಯ.

ತಾನಾಗಿಯೇ ನೆರವು ಬೇಡಿದವನನ್ನು ಶಿಕ್ಷೆಯ ಕಡತಕ್ಕೆ ಸೇರಿಸದೆ, ರಜೆ ಕೊಟ್ಟು ಗೌಪ್ಯವಾಗಿ ಚಿಕಿತ್ಸೆಗೆ ಕಳುಹಿಸಬೇಕೆಂಬ ನಿಯಮವಿಲ್ಲದಿದ್ದಲ್ಲಿ ಯಾರೂ ಬಾಯಿ ಬಿಡರು. ಅಂಥವನಿಗೆ “ಇಂದಿನಿಂದಲೇ ಬಿಡು” ಎನ್ನುವ ಉಪದೇಶವೂ ಅಪಾಯಕರ: ನಿತ್ಯ ಹೇರಳವಾಗಿ ಕುಡಿಯುವವನು ಥಟ್ಟನೆ ನಿಲ್ಲಿಸಿದರೆ ನಡುಕವೂ ಅಪಸ್ಮಾರವೂ ಉಂಟಾಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ರಾಷ್ಟ್ರೀಯ ಸಹಾಯವಾಣಿ 14446 ಉಚಿತ.