ಉತ್ಪಾದನಾ ಘಟಕ ಸವಕಳಿ ವಿಧಾನ (ಕಲ್ಲುಗಣಿ ಯಂತ್ರ)

ಉತ್ಪಾದನಾ ಘಟಕ ಸವಕಳಿ ವಿಧಾನ ಎಂಬುದು ಯಂತ್ರದ ಬೆಲೆಯನ್ನು ಕಳೆದ ವರ್ಷಗಳಿಗೆ ಹಂಚದೆ, ಯಂತ್ರ ಮಾಡಿದ ಕೆಲಸಕ್ಕೆ ಹಂಚುವ ಲೆಕ್ಕಪತ್ರ ಕ್ರಮವಾಗಿದೆ. ಸ್ಥಿರ ಕಂತಿನ ವಿಧಾನದಲ್ಲಿ ಪ್ರತಿ ವರ್ಷ ಒಂದೇ ಮೊತ್ತವನ್ನು ಸವಕಳಿಯೆಂದು ಬರೆಯಲಾಗುತ್ತದೆ. ಈ ವಿಧಾನದಲ್ಲಿ ಆ ವರ್ಷ ಪುಡಿಯಾದ ಕಲ್ಲಿನ ಟನ್ನುಗಳು ಅಥವಾ ಯಂತ್ರ ಓಡಿದ ಗಂಟೆಗಳು ಸವಕಳಿಯನ್ನು ನಿರ್ಧರಿಸುತ್ತವೆ.

== ಹಿನ್ನೆಲೆ ==

ಕಾರವಾರ ತಾಲ್ಲೂಕಿನ ಬಿಣಗಾ ಅರಬ್ಬಿ ಸಮುದ್ರದ ದಂಡೆಯಲ್ಲಿರುವ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮುಂಗಾರು ಮಳೆಯಲ್ಲಿ ಈ ಕರಾವಳಿಯ ಕಲ್ಲುಗಣಿ ಕೆಲಸ ಕುಂಠಿತಗೊಳ್ಳುತ್ತದೆ. ಬೇಡಿಕೆಯೂ ಸಮನಾಗಿರುವುದಿಲ್ಲ. ಹೆದ್ದಾರಿ ಅಥವಾ ಅಲೆತಡೆಗೋಡೆಯಂತಹ ದೊಡ್ಡ ಕಾಮಗಾರಿ ನಡೆಯುವಾಗ ಕಲ್ಲಿಗೆ ಬೇಡಿಕೆ ಏರಿ, ಕಾಮಗಾರಿ ಮುಗಿದೊಡನೆ ಇಳಿಯುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ಕೆಲಸ ಬದಲಾಗುವ ಯಂತ್ರಕ್ಕೆ ಸಮನಾದ ವಾರ್ಷಿಕ ಕಂತು ಹೊಂದುವುದಿಲ್ಲ.

== ಲೆಕ್ಕ ಹಾಕುವ ಕ್ರಮ ==

ಯಂತ್ರದ ಬೆಲೆಯಿಂದ ಕೊನೆಯಲ್ಲಿ ಬರಬಹುದಾದ ಗುಜರಿ ಮೌಲ್ಯವನ್ನು ಕಳೆದು, ಉಳಿದುದನ್ನು ಯಂತ್ರದ ಆಯುಷ್ಯದಲ್ಲಿ ನಿರೀಕ್ಷಿಸಿದ ಒಟ್ಟು ಉತ್ಪಾದನೆಯಿಂದ ಭಾಗಿಸಬೇಕು. ಬಂದ ದರವನ್ನು ಆ ವರ್ಷದ ಉತ್ಪಾದನೆಯಿಂದ ಗುಣಿಸಿದರೆ ಸವಕಳಿ ದೊರೆಯುತ್ತದೆ.

ಬಿಣಗಾದಂತಹ ಸ್ಥಳದಲ್ಲಿ ಒಂದು ಜಲ್ಲಿ ಕ್ರಷರ್ ಇದೆಯೆಂದು ಊಹಿಸೋಣ. ಬೆಲೆ ₹60 ಲಕ್ಷ, ಗುಜರಿ ಮೌಲ್ಯ ₹6 ಲಕ್ಷ, ನಿರೀಕ್ಷಿತ ಒಟ್ಟು ಉತ್ಪಾದನೆ 9 ಲಕ್ಷ ಟನ್. ಆಗ ₹54 ಲಕ್ಷವನ್ನು 9 ಲಕ್ಷ ಟನ್‌ನಿಂದ ಭಾಗಿಸಿದರೆ ದರ ಟನ್ನಿಗೆ ₹6 ಆಗುತ್ತದೆ. ಅದೇ ಯಂತ್ರಕ್ಕೆ 9 ವರ್ಷ ಆಯುಷ್ಯವೆಂದು ಸ್ಥಿರ ಕಂತು ಹಾಕಿದರೆ ವರ್ಷಕ್ಕೆ ₹6 ಲಕ್ಷ.

| ವರ್ಷ | ಉತ್ಪಾದನೆ (ಟನ್) | ಘಟಕ ವಿಧಾನ | ಸ್ಥಿರ ಕಂತು |
|---|---|---|---|
| 1 | 1,20,000 | ₹7,20,000 | ₹6,00,000 |
| 2 | 45,000 | ₹2,70,000 | ₹6,00,000 |
| 3 | 1,50,000 | ₹9,00,000 | ₹6,00,000 |

ಮೂರು ವರ್ಷಗಳ ಒಟ್ಟು ಮೊತ್ತಗಳಲ್ಲಿ ಹೆಚ್ಚು ಅಂತರವಿಲ್ಲ: ಒಂದರಲ್ಲಿ ₹18.90 ಲಕ್ಷ, ಇನ್ನೊಂದರಲ್ಲಿ ₹18 ಲಕ್ಷ. ವ್ಯತ್ಯಾಸವಿರುವುದು ಒಂದು ಟನ್ ಜಲ್ಲಿಯ ವೆಚ್ಚದಲ್ಲಿ. ಸ್ಥಿರ ಕಂತಿನಲ್ಲಿ ಎರಡನೆಯ ವರ್ಷ ಟನ್ನಿನ ಮೇಲೆ ಸುಮಾರು ₹13.33 ಸವಕಳಿ ಬೀಳುತ್ತದೆ, ಮೂರನೆಯ ವರ್ಷ ಕೇವಲ ₹4. ಈ ಅಂಕಿಗಳನ್ನು ನಂಬಿ ಬೆಲೆ ನಿಗದಿಪಡಿಸುವ ಮಾಲೀಕನಿಗೆ ಮಂದಗತಿಯ ವರ್ಷದಲ್ಲಿ ಜಲ್ಲಿ ದುಬಾರಿಯಾಗಿಯೂ ಬಿರುಸಿನ ವರ್ಷದಲ್ಲಿ ಅಗ್ಗವಾಗಿಯೂ ತೋರುತ್ತದೆ. ಯಂತ್ರ ಬಹಳ ಸವೆಯುವ ವರ್ಷದಲ್ಲಿಯೇ ಆತ ಕಡಿಮೆ ದರಕ್ಕೆ ಗುತ್ತಿಗೆ ಒಪ್ಪಿಕೊಳ್ಳುವ ಅಪಾಯವಿದೆ.

== ಅಳತೆಯ ಆಯ್ಕೆ ==

ಸವೆತಕ್ಕೆ ಕಾರಣವಾಗುವ ಕೆಲಸವನ್ನೇ ಅಳತೆಯಾಗಿ ಆರಿಸಬೇಕು. ಕ್ರಷರ್‌ಗೆ ತೂಕಸೇತುವೆಯಲ್ಲಿ ದಾಖಲಾದ ಟನ್ನುಗಳು ಹೊಂದುತ್ತವೆ. ಅಗೆಯುವ ಯಂತ್ರವು ಕಲ್ಲು ತೆಗೆಯುವುದರ ಜೊತೆಗೆ ಮೇಲ್ಮಣ್ಣನ್ನೂ ಸರಿಸುವುದರಿಂದ ಅದಕ್ಕೆ ಗಂಟೆಮಾಪಕದ ಗಂಟೆಗಳು ಹೆಚ್ಚು ಸೂಕ್ತ. ಮಾಪಕ ಕೆಟ್ಟು ನಿಂತರೆ ಸವಕಳಿಯೂ ನಿಲ್ಲುತ್ತದೆ. ಡೀಸೆಲ್ ಖರ್ಚು ಎಂದಿನಂತಿದ್ದು ಗಂಟೆಗಳು ಮಾತ್ರ ಕಡಿಮೆಯಾಗಿದ್ದರೆ ಮಾಪಕವನ್ನು ಪರೀಕ್ಷಿಸಬೇಕು.

== ಅಂದಾಜಿನ ತಿದ್ದುಪಡಿ ==

ಒಟ್ಟು ಉತ್ಪಾದನೆಯ ಅಂದಾಜು ಈ ವಿಧಾನದ ದುರ್ಬಲ ಭಾಗ. ಮೇಲಿನ ಉದಾಹರಣೆಯಲ್ಲಿ ಮೂರು ವರ್ಷಗಳ ನಂತರ ಪುಸ್ತಕ ಮೌಲ್ಯ ₹41.10 ಲಕ್ಷ, ಉಳಿದ ಉತ್ಪಾದನೆ 5,85,000 ಟನ್. ಬಂಡೆ ನಿರೀಕ್ಷೆಗಿಂತ ಗಡುಸಾಗಿರುವುದರಿಂದ ಇನ್ನು 4,50,000 ಟನ್ ಮಾತ್ರ ಸಾಧ್ಯವೆಂದು ತಿಳಿದುಬಂದರೆ, ₹35.10 ಲಕ್ಷವನ್ನು ಅದರಿಂದ ಭಾಗಿಸಿ ಹೊಸ ದರವನ್ನು ಟನ್ನಿಗೆ ₹7.80 ಎಂದು ಇಟ್ಟುಕೊಳ್ಳಬೇಕು. ಹಿಂದಿನ ವರ್ಷಗಳ ಲೆಕ್ಕವನ್ನು ತಿದ್ದುವಂತಿಲ್ಲ. ತಿದ್ದುಪಡಿಯನ್ನೇ ಮಾಡದಿದ್ದರೆ, ಯಂತ್ರ ಗುಜರಿಗೆ ಹೋಗುವ ದಿನ ಪುಸ್ತಕದಲ್ಲಿ ಇನ್ನೂ ದೊಡ್ಡ ಮೌಲ್ಯ ಉಳಿದು, ಒಮ್ಮೆಲೇ ನಷ್ಟವಾಗಿ ತೋರುತ್ತದೆ.

== ಕಾಲಾಧಾರಿತ ವಿಧಾನ ಮೇಲಾಗುವ ಸಂದರ್ಭ ==

ಯಂತ್ರ ನಿಂತಿರುವಾಗ ಈ ವಿಧಾನದಲ್ಲಿ ಸವಕಳಿ ಶೂನ್ಯವಾಗಬಹುದು. ಆದರೆ ಕಡಲತೀರದ ಉಪ್ಪುಗಾಳಿ ನಿಂತ ಯಂತ್ರಕ್ಕೂ ತುಕ್ಕು ಹಿಡಿಸುತ್ತದೆ. ತುಕ್ಕು ಅಥವಾ ಹಳತಾದ ತಂತ್ರಜ್ಞಾನವೇ ಯಂತ್ರದ ಆಯುಷ್ಯವನ್ನು ಮುಗಿಸುವುದಾದರೆ, ಅಥವಾ ಪ್ರತಿ ವರ್ಷ ಕೆಲಸ ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಸ್ಥಿರ ಕಂತೇ ಸರಳ ಮತ್ತು ಸರಿ. ಗಣಿ ಗುತ್ತಿಗೆಯ ಅವಧಿ ಮುಗಿದ ಮೇಲೆ ಯಂತ್ರವನ್ನು ಬೇರೆಡೆ ಬಳಸಲಾಗದಿದ್ದರೆ, ಆ ಅವಧಿಯೊಳಗೆ ತೆಗೆಯಬಹುದಾದ ಟನ್ನುಗಳನ್ನು ಮಾತ್ರ ಒಟ್ಟು ಉತ್ಪಾದನೆಯೆಂದು ಎಣಿಸಬೇಕು.

== ಭಾರತದಲ್ಲಿ ಮಾನ್ಯತೆ ==

ಕಂಪನಿಗಳ ಕಾಯ್ದೆ, 2013ರ ಎರಡನೆಯ ಅನುಸೂಚಿಯು ಆಸ್ತಿಯ ಉಪಯುಕ್ತ ಆಯುಷ್ಯವನ್ನು ಕಾಲಾವಧಿಯಲ್ಲಿ ಅಥವಾ ಉತ್ಪಾದನೆಯ ಘಟಕಗಳಲ್ಲಿ ಹೇಳಬಹುದೆಂದು ವಿವರಿಸುತ್ತದೆ. ಭಾರತೀಯ ಲೆಕ್ಕಪತ್ರ ಮಾನಕ 16 ಕೂಡ ಈ ವಿಧಾನವನ್ನು ಹೆಸರಿಸುತ್ತದೆ. ಆದರೆ ಯಂತ್ರದಿಂದ ಬಂದ ಆದಾಯವನ್ನು ಆಧರಿಸಿ ಸವಕಳಿ ಹಾಕುವುದನ್ನು ಅದು ಒಪ್ಪುವುದಿಲ್ಲ. ಏಕೆಂದರೆ ಜಲ್ಲಿಯ ಮಾರಾಟ ಬೆಲೆ ಏರಿದಾಕ್ಷಣ ಯಂತ್ರ ಹೆಚ್ಚು ಸವೆಯುವುದಿಲ್ಲ. ಆದಾಯ ತೆರಿಗೆಗಾಗಿ ಇಂತಹ ಯಂತ್ರಗಳ ಸವಕಳಿಯನ್ನು ನಿಗದಿತ ಶೇಕಡಾ ದರದಲ್ಲಿ, ಇಳಿಕೆ ಶಿಲ್ಕಿನ ಮೇಲೆ ಪ್ರತ್ಯೇಕವಾಗಿ ಲೆಕ್ಕ ಹಾಕಬೇಕಾಗುತ್ತದೆ.