ಪತ್ರಾಸಿನ ಕೆಳಗಿನ ಪೈಪು ಎಷ್ಟು ಬಾಗಬಹುದು?

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳೆಯ ಮಾಳಿಗೆ ಮನೆಯೊಳಗೆ ನಿಂತು ತಲೆ ಎತ್ತಿದರೆ ಜಂತಿಗಳ ಸಾಲು ಕಾಣುತ್ತದೆ. ಗೋಡೆಯಿಂದ ತೊಲೆಗೆ ಅಡಿಗೊಂದರಂತೆ ಜಂತಿ, ಅವುಗಳ ಮೇಲೆ ಹಲಗೆಯೋ ಸಣ್ಣ ಕಟ್ಟಿಗೆಯೋ, ಅದರ ಮೇಲೆ ಗೇಣುದ್ದ ಮಣ್ಣು. ಸೋರದಿರಲಿ ಎಂದು ಮಳೆಗಾಲದ ಮುಂಚೆ ಇನ್ನೊಂದಿಷ್ಟು ಮಣ್ಣು ಬೀಳುತ್ತದೆ. ಯಾವ ಜಂತಿ ಜೋತಿದೆ ಎಂದು ಮನೆಯ ಹಿರಿಯರು ಕಣ್ಣಳತೆಯಲ್ಲೇ ಹೇಳುತ್ತಿದ್ದರು. ಬಹಳ ಸಲ ಅವರ ಮಾತು ಸರಿಯೇ ಇರುತ್ತಿತ್ತು.

2019ರ ಆಗಸ್ಟ್‌ನಲ್ಲಿ ಘಟಪ್ರಭಾ ನದಿ ಗೋಕಾಕದೊಳಗೆ ನುಗ್ಗಿದಾಗ ಇಂಥ ಮಣ್ಣಿನ ಮನೆಗಳು ಕುಸಿದವು. ಈಗ ಈ ಭಾಗದಲ್ಲಿ ಹೊಸದಾಗಿ ಏಳುವ ದನದ ಕೊಟ್ಟಿಗೆ, ಗಾಣದ ಶೆಡ್ಡು, ಗ್ಯಾರೇಜು, ಎಷ್ಟೋ ಕಡೆ ವಾಸದ ಮನೆ ಕೂಡ ಪತ್ರಾಸಿನವು. ಜಂತಿಯ ಜಾಗದಲ್ಲಿ ಕಬ್ಬಿಣದ ಪೈಪು ಬಂದಿದೆ. ವೆಲ್ಡರ್ ಅದನ್ನು ಪರ್ಲಿನ್ ಎನ್ನುತ್ತಾನೆ. ಆದರೆ ಪರೀಕ್ಷೆ ಮಾತ್ರ ಹಳೆಯದೇ: ಕೆಳಗೆ ನಿಂತು ನೋಡುವುದು, ನೆಟ್ಟಗೆ ಕಂಡರೆ ‘ಛಲೋ ಆತು’ ಎಂದು ದುಡ್ಡು ಕೊಡುವುದು. ಮಣ್ಣಿನ ಮಾಳಿಗೆಗೆ ಸಲ್ಲುತ್ತಿದ್ದ ಈ ಪರೀಕ್ಷೆ ಪತ್ರಾಸಿಗೆ ಸಲ್ಲದು.

ಕಾರಣ ಭಾರದಲ್ಲಿದೆ. ಇಪ್ಪತ್ತು ಸೆಂಟಿಮೀಟರ್ ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಸುಮಾರು 360 ಕಿಲೋ ತೂಗುತ್ತದೆ. ಮೇಲೆ ಕಾಳು ಒಣಗಿಸಿದರೂ ನಾಲ್ಕು ಜನ ಓಡಾಡಿದರೂ ಸೇರುವ ತೂಕ ಅದಕ್ಕಿಂತ ಕಡಿಮೆಯೇ. ಅಂದರೆ ಜಂತಿ ತನ್ನ ಆಯುಷ್ಯದ ಭಾರದಲ್ಲಿ ಹೆಚ್ಚಿನ ಪಾಲನ್ನು ಸದಾ ಹೊತ್ತೇ ಇರುತ್ತದೆ, ಬಾಗುವುದಿದ್ದರೆ ಎಲ್ಲರ ಕಣ್ಣೆದುರೇ ಬಾಗಿರುತ್ತದೆ. ಎಂಟು ಅಡಿ ಉದ್ದದ, ನಾಲ್ಕಿಂಚು ಚೌಕದ ಸಾಗವಾನಿ ಜಂತಿ ಈ ಮಣ್ಣಿನ ಅಡಿಯಲ್ಲಿ ಮೊದಲಿಗೆ ಐದಾರು ಮಿಲಿಮೀಟರ್ ಬಾಗುತ್ತದೆ. ಕಟ್ಟಿಗೆಗೆ ಇನ್ನೊಂದು ಗುಣವಿದೆ: ಭಾರ ಇಳಿಯದೆ ವರ್ಷಗಟ್ಟಲೆ ಕೂತರೆ ನಿಧಾನವಾಗಿ ಇನ್ನಷ್ಟು ಬಾಗುತ್ತ ಹೋಗುತ್ತದೆ. ಕಾಲಾಂತರದಲ್ಲಿ ಆ ಐದಾರು ಮಿಲಿಮೀಟರ್ ಎರಡರಷ್ಟಾಗಬಹುದು. ಸಾಮಾನ್ಯ ಜಂತಿಗೆ ನಮ್ಮ ದೇಶದ ಮಾನಕ ಕೊಡುವ ಮಿತಿ ಉದ್ದದ 240ನೇ ಒಂದು ಪಾಲು. ಎಂಟು ಅಡಿಗೆ 10 ಮಿಲಿಮೀಟರ್. ಹಿರಿಯರ ಕಣ್ಣು ಹಿಡಿಯುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟನ್ನೇ.

ಪತ್ರಾಸಿನ ಕತೆ ಉಲ್ಟಾ. ಅರ್ಧ ಮಿಲಿಮೀಟರ್ ದಪ್ಪದ ತಗಡು ಚದರ ಮೀಟರಿಗೆ ಐದು ಕಿಲೋ ಮಾತ್ರ. ಆದರೆ ಚಾವಣಿಯ ಭಾರ ನಿಗದಿ ಮಾಡುವ ಮಾನಕದ ಪ್ರಕಾರ, ಇಳಿಜಾರು 10 ಡಿಗ್ರಿಯೊಳಗಿನ, ಜನ ಓಡಾಡದ ಚಾವಣಿಯೂ ಚದರ ಮೀಟರಿಗೆ ಸುಮಾರು 75 ಕಿಲೋ ಹೊರಲು ಸಿದ್ಧವಿರಬೇಕು. ರಿಪೇರಿಗೆ ಹತ್ತುವವರು, ಅವರು ಮೇಲೆ ಪೇರಿಸುವ ಸಾಮಾನು, ಕಸ ಕಟ್ಟಿಕೊಂಡು ನಿಲ್ಲುವ ನೀರು, ಎಲ್ಲಕ್ಕೂ ಸೇರಿ ಇಟ್ಟ ಲೆಕ್ಕ ಇದು. ಆದ್ದರಿಂದ ಶೆಡ್ಡಿನ ಪ್ರವೇಶದ ದಿನ ನಾವು ಕೆಳಗೆ ನಿಂತು ನೋಡುವಾಗ ಪೈಪಿನ ಮೇಲೆ ಇರುವುದು ಅದು ಹೊರಬೇಕಾದ ಭಾರದ ಹತ್ತನೇ ಒಂದು ಪಾಲು. ಉಳಿದ ಒಂಬತ್ತು ಪಾಲು ಇನ್ನೂ ಬಂದಿರುವುದಿಲ್ಲ.

ಈಗ ಒಂದು ಶೆಡ್ಡನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಟ್ರಸ್ಸಿನಿಂದ ಟ್ರಸ್ಸಿಗೆ 4 ಮೀಟರ್, ಅಂದರೆ ಹದಿಮೂರು ಅಡಿ. ಪರ್ಲಿನ್‌ಗಳ ನಡುವೆ ನಾಲ್ಕು ಅಡಿ ಅಂತರ, 1.2 ಮೀಟರ್. ಪೈಪು 100×50 ಮಿಲಿಮೀಟರಿನದು, 2 ಮಿಲಿಮೀಟರ್ ದಪ್ಪದ್ದು. ಅಂಗಡಿಯಲ್ಲಿ ಇದನ್ನು ನಾಲ್ಕು-ಎರಡರ ಪೈಪು ಎಂದು ಕೇಳುತ್ತಾರೆ. ಒಂದು ಮೀಟರ್ ಪೈಪಿನ ಪಾಲಿಗೆ ಬರುವ ತಗಡು 6 ಕಿಲೋ, ಪೈಪಿನ ಸ್ವಂತ ತೂಕ ನಾಲ್ಕೂವರೆ ಕಿಲೋ, ಮೇಲೆ ಬರಬಹುದಾದದ್ದು 90 ಕಿಲೋ. ಒಟ್ಟು ಮೀಟರಿಗೆ ಸುಮಾರು 100 ಕಿಲೋ. ನ್ಯೂಟನ್ ಲೆಕ್ಕದಲ್ಲಿ ಹೇಳುವುದಾದರೆ ಮಿಲಿಮೀಟರಿಗೆ 1 ನ್ಯೂಟನ್. ಎರಡು ತುದಿಗೆ ಆಸರೆ ಇದ್ದು ಭಾರ ಉದ್ದಕ್ಕೂ ಸಮನಾಗಿ ಹರಡಿದ್ದರೆ ನಡುಮಧ್ಯದ ಬಾಗು ಹೀಗೆ ಸಿಗುತ್ತದೆ:

δ = 5wL⁴ / 384EI

ಇಲ್ಲಿ w ಮೇಲಿನ ಭಾರ, L ಉದ್ದ, E ಉಕ್ಕಿನ ಬಿಗಿತ. ಈ E ಎಲ್ಲ ಸಾಧಾರಣ ಉಕ್ಕಿಗೂ ಒಂದೇ, ಚದರ ಮಿಲಿಮೀಟರಿಗೆ 2,00,000 ನ್ಯೂಟನ್. ಹೆಚ್ಚು ಬೆಲೆಯ ಗಟ್ಟಿ ಉಕ್ಕು ತಂದರೂ ಬಾಗು ಕಡಿಮೆಯಾಗುವುದಿಲ್ಲ. I ಎಂಬುದು ಪೈಪಿನ ಆಕಾರದಿಂದ ಬರುವ ಸಂಖ್ಯೆ. ಆಟವೆಲ್ಲ ಇರುವುದು ಇದರಲ್ಲೇ. ಪೈಪನ್ನು ನಾಲ್ಕಿಂಚು ಮೇಲ್ಮುಖವಾಗುವಂತೆ ನಿಲ್ಲಿಸಿ ಇಟ್ಟರೆ I ಸುಮಾರು 7,75,000. ಲೆಕ್ಕ ಮಾಡಿದರೆ ಬಾಗು 21.5 ಮಿಲಿಮೀಟರ್, ನಮ್ಮ ಮೇಸ್ತ್ರಿಗಳ ಅಳತೆಯಲ್ಲಿ ಏಳು ಸೂತ. ಅದೇ ಪೈಪನ್ನು ಅಡ್ಡ ಮಲಗಿಸಿದರೆ I ಬರೀ 2,63,000ಕ್ಕೆ ಇಳಿಯುತ್ತದೆ, ಬಾಗು 63 ಮಿಲಿಮೀಟರಿಗೆ ಏರುತ್ತದೆ: ಎರಡೂವರೆ ಇಂಚು.

ಉಕ್ಕಿನ ಕಟ್ಟಡಗಳ ಮಾನಕ IS 800, 2007ರ ಆವೃತ್ತಿ, ತಗಡು ಹೊದೆಸಿದ ಪರ್ಲಿನ್‌ಗೆ ಉದ್ದದ 150ನೇ ಒಂದು ಪಾಲು ಬಾಗಲು ಬಿಡುತ್ತದೆ. ಸಿಮೆಂಟ್ ಶೀಟಿನಂಥ ಸೀಳುವ ಹೊದಿಕೆಯಾದರೆ 180ನೇ ಒಂದು ಪಾಲು. ನಮ್ಮ 4 ಮೀಟರಿಗೆ ಅದು ಕ್ರಮವಾಗಿ 26.7 ಮತ್ತು 22.2 ಮಿಲಿಮೀಟರ್. ನಿಲ್ಲಿಸಿದ ಪೈಪು ತಗಡಿನಡಿ ನೆಮ್ಮದಿಯಾಗಿ ಪಾಸು, ಸಿಮೆಂಟ್ ಶೀಟಿನಡಿ ಕೂದಲೆಳೆಯಲ್ಲಿ ಪಾಸು. ಮಲಗಿಸಿದ್ದು ಮಿತಿಯ ಎರಡರಷ್ಟನ್ನೂ ದಾಟಿ ಹೋಗಿದೆ.

ಆದರೂ ಮಲಗಿಸಿ ವೆಲ್ಡ್ ಮಾಡಿದ ಪೈಪುಗಳು ಬೇಕಾದಷ್ಟು ಕಡೆ ಇವೆ. ಅಗಲ ಜಾಸ್ತಿ ಇದ್ದರೆ ಸ್ಕ್ರೂ ಹೊಡೆಯಲು ಸಲೀಸು, ಪೈಪು ಟ್ರಸ್ಸಿನ ಮೇಲೆ ಹೊರಳದೆ ಕೂರುತ್ತದೆ. ಕೇಳಿದರೆ ‘ಮುರ್ಯಾಂಗಿಲ್ಲ ತಗೋರಿ’ ಎಂಬ ಉತ್ತರ ಬರುತ್ತದೆ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಪೂರ್ಣ ಭಾರ ಬಂದಾಗಲೂ ಮಲಗಿದ ಪೈಪಿನೊಳಗಿನ ಒತ್ತಡ ಚದರ ಮಿಲಿಮೀಟರಿಗೆ 190 ನ್ಯೂಟನ್ ಆಸುಪಾಸು. ಉಕ್ಕು ಶಾಶ್ವತವಾಗಿ ಸೊಟ್ಟಗಾಗಲು ತೊಡಗುವುದು 210ರಿಂದಲೋ 250ರಿಂದಲೋ. ಸುರಕ್ಷತೆಗೆಂದು ಇಡಬೇಕಾದ ಅಂತರ ಇಲ್ಲಿ ಉಳಿದಿಲ್ಲ ನಿಜ, ಆದರೆ ಪೈಪು ಮುರಿದು ಬೀಳುವುದೂ ಇಲ್ಲ. ತೊಂದರೆ ಕಾಣುವುದು ಬೇರೆ ರೂಪದಲ್ಲಿ: ಇಳಿಜಾರು ಕಡಿಮೆ ಇದ್ದಲ್ಲಿ ಜೋತ ಜಾಗದಲ್ಲಿ ನೀರು ನಿಲ್ಲುತ್ತದೆ, ಸ್ಕ್ರೂವಿನ ತೂತು ಅಗಲವಾಗುತ್ತದೆ, ತಗಡಿನ ಮೇಲೆ ತಗಡು ಬರುವ ಕಡೆ ಬಾಯಿ ಬಿಟ್ಟು ಸೋರುತ್ತದೆ. ಶೆಡ್ಡಿನವ ಡಾಂಬರು ಬಳಿಯುತ್ತಾನೆ, ಸ್ಕ್ರೂ ಬದಲಿಸುತ್ತಾನೆ. ಪೈಪಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಬರುವುದಾದರೂ ಹೇಗೆ? ಮಲಗಿಸಿದ ಪೈಪು ಕೂಡ ಬರೀ ತಗಡಿನ ಭಾರಕ್ಕೆ ಬಾಗುವುದು ಆರೇಳು ಮಿಲಿಮೀಟರ್. ಹದಿಮೂರು ಅಡಿ ಉದ್ದದಲ್ಲಿ ಎರಡು ಸೂತದ ಬಾಗು ಯಾವ ಕಣ್ಣಿಗೂ ಬೀಳದು.

ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಮಲಗಿಸಿದ್ದಕ್ಕಿಂತ ಹೆಚ್ಚು ತಡೆಯುತ್ತದೆ ಎಂಬುದನ್ನು ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲೇ ಚರ್ಚಿಸಿದ್ದಾನೆ. ನಮ್ಮ ಬಡಿಗರಿಗೂ ಇದು ಗೊತ್ತಿತ್ತು: ಚೌಕವಲ್ಲದ ತೊಲೆಯನ್ನು ಅವರು ಅಗಲ ಕೆಳಗಾಗಿ ಮಲಗಿಸುತ್ತಿರಲಿಲ್ಲ. ಟೊಳ್ಳು ಪೈಪು ಬಂದ ಮೇಲೆ ಈ ತಿಳಿವಳಿಕೆ ಎಲ್ಲೋ ಕಳಚಿಕೊಂಡಿತು ಎಂದು ನನಗನ್ನಿಸುತ್ತದೆ.

ದಪ್ಪದ ವಿಷಯವೂ ಇದೆ. ಎರಡು ಮಿಲಿಮೀಟರ್ ಎಂದು ಬಂದ ಪೈಪು ನಿಜಕ್ಕೂ 1.6 ಇದ್ದರೆ, ನಿಲ್ಲಿಸಿದ ಪೈಪಿನ ಬಾಗು ಕೂಡ 26.5 ಮಿಲಿಮೀಟರಿಗೆ ಬಂದು ಮಿತಿಗೆ ತಾಗುತ್ತದೆ. ಹೊರಗಿನಿಂದ ನೋಡಿ ದಪ್ಪ ಹೇಳಲಾಗದು, ತಕ್ಕಡಿ ಹೇಳುತ್ತದೆ: 6 ಮೀಟರಿನ ಒಂದು ಪೂರ್ತಿ ಪೈಪು 27 ಕಿಲೋ ಸುಮಾರು ತೂಗಿದರೆ ಅದು 2 ಮಿಲಿಮೀಟರಿನದು, 22 ಕಿಲೋ ಎಂದರೆ 1.6ರದು. ಇನ್ನು ಉದ್ದದ ಏಟು ಎಲ್ಲಕ್ಕಿಂತ ದೊಡ್ಡದು. ಸೂತ್ರದಲ್ಲಿ L ನಾಲ್ಕು ಬಾರಿ ಗುಣಿಸಲ್ಪಡುತ್ತದೆ. ಒಂದು ಟ್ರಸ್ ಉಳಿಸಲೆಂದು 4 ಮೀಟರಿನ ಅಂತರವನ್ನು 5 ಮಾಡಿದರೆ ನಮ್ಮ ಒಳ್ಳೆಯ ಪೈಪೂ 52 ಮಿಲಿಮೀಟರ್ ಬಾಗುತ್ತದೆ. ಮಿತಿ ಮಾತ್ರ 33ಕ್ಕೆ ನಿಲ್ಲುತ್ತದೆ.

ಶೆಡ್ಡು ಆಗಲೇ ನಿಂತಿದೆ, ಪೈಪಿನ ದಪ್ಪ ಗೊತ್ತಿಲ್ಲ, ಲೆಕ್ಕವೂ ಬೇಡ ಎನ್ನುವವರಿಗೆ ಒಂದು ಪರೀಕ್ಷೆ ಇದೆ. ಐವತ್ತು ಕಿಲೋ ಸಕ್ಕರೆ ಚೀಲ ಸಾಕು, ಈ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಪರ್ಲಿನ್‌ನ ಎರಡು ತುದಿಯಲ್ಲಿ, ಟ್ರಸ್ಸಿನ ಪಕ್ಕದಲ್ಲೇ, ಎರಡಿಂಚಿನ ಒಂದೇ ಅಳತೆಯ ಕಟ್ಟಿಗೆ ತುಂಡುಗಳನ್ನು ಪೈಪಿನ ತಳಕ್ಕೆ ಒತ್ತಿ ಕಟ್ಟಿ, ಅವುಗಳ ಕೆಳಗಿನಿಂದ ನೈಲಾನ್ ದಾರವನ್ನು ಬಿಗಿಯಾಗಿ ಎಳೆಯಬೇಕು. ನಡುವೆ ಪೈಪಿನ ತಳಕ್ಕೂ ದಾರಕ್ಕೂ ಇರುವ ಅಂತರ ಬರೆದುಕೊಂಡು, ಚೀಲವನ್ನು ನಡುವಿಗೆ ನೇತುಹಾಕಿ ಮತ್ತೆ ಅಳೆಯಬೇಕು. ಅಂತರ ಎಷ್ಟು ಕಡಿಮೆಯಾಯಿತೋ ಅದೇ ಆ ಚೀಲದ ಬಾಗು. ದಾರ ಪರ್ಲಿನ್‌ನ ತುದಿಗಳಿಗೇ ಕಟ್ಟಿರುವುದರಿಂದ ಟ್ರಸ್ಸೋ ಕಂಬವೋ ಕುಸಿದದ್ದು ಈ ಅಳತೆಯಲ್ಲಿ ಬೆರೆಯುವುದಿಲ್ಲ.

ನಮ್ಮ ಶೆಡ್ಡಿನಲ್ಲಿ ಒಂದು ಪರ್ಲಿನ್ ಹೊರಬೇಕಾದದ್ದು ಒಟ್ಟು 400 ಕಿಲೋ. ಹರಡಿಕೊಂಡ ಭಾರ ನಡುವಿನ ಬಾಗಿನ ಮಟ್ಟಿಗೆ ತನ್ನ ಎಂಟರಲ್ಲಿ ಐದು ಪಾಲನ್ನು ನಡುವಿಗೇ ನೇತುಹಾಕಿದ್ದಕ್ಕೆ ಸಮ, ಅಂದರೆ 250 ಕಿಲೋ, ಐದು ಚೀಲ. ಹಾಗಾಗಿ ಒಂದು ಚೀಲದ ಬಾಗನ್ನು ಐದರಿಂದ ಗುಣಿಸಿ 26.7ಕ್ಕೆ ಹೋಲಿಸಿದರೆ ಆಯಿತು. ನಿಲ್ಲಿಸಿದ 2 ಮಿಲಿಮೀಟರ್ ಪೈಪು ನಾಲ್ಕು ಮಿಲಿಮೀಟರ್ ಇಳಿಯಬೇಕು, ಮಲಗಿಸಿದ್ದು ಹನ್ನೆರಡು ಇಳಿಯುತ್ತದೆ. ಐದು ದಾಟಿದರೆ ಫೇಲು. ಸ್ಕ್ರೂ ಹೊಡೆದ ತಗಡು ಚೀಲದ ಭಾರದಲ್ಲಿ ಸ್ವಲ್ಪವನ್ನು ಪಕ್ಕದ ಪೈಪುಗಳಿಗೆ ದಾಟಿಸುವುದರಿಂದ ಅಳತೆ ತುಸು ಒಳ್ಳೆಯದಾಗಿಯೇ ಬರುತ್ತದೆ. ಐದರ ಸಮೀಪ ಬಂದರೂ ಅನುಮಾನಿಸುವುದು ಲೇಸು. ಚೀಲ ಇಳಿಸಿದ ಮೇಲೆ ದಾರದ ಅಂತರ ಮೊದಲಿನಷ್ಟಕ್ಕೆ ಮರಳದಿದ್ದರೆ ತೊಂದರೆ ಬಾಗಿನದಲ್ಲ: ವೆಲ್ಡ್ ಬಿಟ್ಟಿದೆ, ಇಲ್ಲವೇ ಪೈಪು ತುಕ್ಕು ತಿಂದು ಸೊಟ್ಟಗಾಗುತ್ತಿದೆ.

ಸ್ವಲ್ಪದರಲ್ಲಿ ಫೇಲಾದರೆ ಪೈಪು ಕೀಳಬೇಕಿಲ್ಲ. ಎರಡು ಪರ್ಲಿನ್ ನಡುವೆ ಇನ್ನೊಂದನ್ನು ಸೇರಿಸಿದರೆ ಒಂದೊಂದರ ಭಾರ ಅರ್ಧಕ್ಕೆ ಇಳಿಯುತ್ತದೆ. ಹೊಸದಾಗಿ ಕಟ್ಟುವವರಿಗೆ ನನ್ನ ಸಲಹೆ ಟ್ರಸ್ಸುಗಳನ್ನು ಹತ್ತು ಅಡಿಗೊಂದು ಇಡುವುದು. ಪೈಪು ಬರುವುದೇ ಇಪ್ಪತ್ತು ಅಡಿ ಉದ್ದ. ಒಂದೇ ಪೈಪು ಎರಡು ಅಂಕಣ ದಾಟುತ್ತದೆ, ಜೋಡು ಸರಿಯಾಗಿ ಟ್ರಸ್ಸಿನ ಮೇಲೆ ಬೀಳುತ್ತದೆ. ಹಾಗೆ ತುಂಡಾಗದೆ ನಡುವಿನ ಟ್ರಸ್ಸಿನ ಮೇಲೆ ಹಾದುಹೋದ ಪೈಪು, ಎರಡೂ ಅಂಕಣದ ಮೇಲೆ ಭಾರವಿದ್ದಾಗ, ಬಿಡಿ ಪೈಪಿನ ಬಾಗಿನಲ್ಲಿ ನೂರಕ್ಕೆ ನಲವತ್ತರಷ್ಟು ಮಾತ್ರ ಬಾಗುತ್ತದೆ. ಹದಿಮೂರು ಅಡಿಯ ಅಂಕಣದಲ್ಲಿ ಜೋಡು ಎಲ್ಲೆಲ್ಲೋ ನಡುದಾರಿಯಲ್ಲಿ ಬರುತ್ತದೆ, ಆಗ ಶೆಡ್ಡು ನಿಂತಿರುವುದು ಆ ವೆಲ್ಡಿನ ಮೇಲೆ.

ಈ ಚೀಲದ ಪರೀಕ್ಷೆ ಗಾಳಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಬೇಸಿಗೆಯ ಅಡ್ಡಮಳೆಯ ಬಿರುಗಾಳಿ ತಗಡನ್ನು ಕೆಳಕ್ಕೆ ಒತ್ತುವುದಕ್ಕಿಂತ ಮೇಲಕ್ಕೆ ಎಳೆಯುವುದೇ ಹೆಚ್ಚು, ಮೀಟರಿಗೆ ಹತ್ತು ಕಿಲೋದ ಚಾವಣಿ ತನ್ನ ತೂಕದಿಂದ ಅದನ್ನು ತಡೆಯಲಾರದು. ಅದಕ್ಕೆ ಸ್ಕ್ರೂಗಳ ಅಂತರ, ಪರ್ಲಿನ್ ಟ್ರಸ್ಸಿಗೆ ಕೂತ ವೆಲ್ಡು, ಟ್ರಸ್ ಕಂಬಕ್ಕೆ ಕೂತ ಬೋಲ್ಟುಗಳನ್ನು ಬೇರೆಯಾಗಿಯೇ ನೋಡಬೇಕು.