ಐದು ನಿಮಿಷ, ಹತ್ತು ಸಾಲು

ಒಂದು ಶಾಲೆಯ ತಂಡವನ್ನು ಊಹಿಸಿಕೊಳ್ಳಿ. ಫಸ್ಟ್ ಲೆಗೊ ಲೀಗ್ ಸ್ಪರ್ಧೆಯ 2022-23ರ ಆವೃತ್ತಿಗೆ ಮಕ್ಕಳು ಸಿದ್ಧರಾಗುತ್ತಿದ್ದಾರೆ. ಆ ವರ್ಷದ ವಿಷಯ ಶಕ್ತಿಯ ಬಳಕೆ. ಶಾಲೆಯ ಮೇಲಿನ ಟ್ಯಾಂಕ್ ತುಂಬಿ ಹರಿದರೂ ಪಂಪು ಓಡುತ್ತಲೇ ಇರುವುದನ್ನು ಕಂಡ ಮಕ್ಕಳು, ನೀರು ಮೇಲೆ ಬಂದೊಡನೆ ಗಂಟೆ ಬಾರಿಸುವ ತೇಲುಬುರುಡೆಯ ಸಾಧನ ಮಾಡಿದ್ದಾರೆ. ಈಗ ತೀರ್ಪುಗಾರರ ಮುಂದೆ ಐದು ನಿಮಿಷ ಮಾತಾಡಬೇಕು.

ಮೊದಲ ಕರಡು ಹೀಗಿತ್ತು: ತಂಡದ ಪರಿಚಯ ಮತ್ತು ಘೋಷಣೆಗೆ 60 ಸೆಕೆಂಡು, ಪಂಪು ಮತ್ತು ಟ್ಯಾಂಕ್ ಜಗಳವಾಡುವ ಕಿರುನಾಟಕಕ್ಕೆ 80, ಜಗತ್ತಿನ ವಿದ್ಯುತ್ ಕೊರತೆಯ ಬಗ್ಗೆ 50, ಸಾಧನ ಕೆಲಸ ಮಾಡುವ ಬಗೆಗೆ 90, ವಂದನೆಗೆ 20. ನೋಡಿದವರೆಲ್ಲ ನಕ್ಕರು, ಚಪ್ಪಾಳೆ ತಟ್ಟಿದರು.

ಆಮೇಲೆ ಶಿಕ್ಷಕಿ ರೂಬ್ರಿಕ್ ಹಾಳೆಯನ್ನು ಮೇಜಿನ ಮೇಲಿಟ್ಟರು.

ರೂಬ್ರಿಕ್ ಎಂದರೆ ತೀರ್ಪುಗಾರರು ಅಂಕ ಕೊಡುವ ಹಾಳೆ. ಸ್ಪರ್ಧೆಗೆ ಮೊದಲೇ ಅದು ಎಲ್ಲ ತಂಡಗಳಿಗೂ ಸಿಗುತ್ತದೆ. ಈ ಸ್ಪರ್ಧೆಯ ನವೀನ ಯೋಜನೆಯ ವಿಭಾಗದಲ್ಲಿ ಐದು ಭಾಗಗಳಿವೆ: ಸಮಸ್ಯೆಯನ್ನು ಗುರುತಿಸಿದ್ದು, ಪರಿಹಾರ ಆರಿಸಿ ಯೋಜಿಸಿದ್ದು, ಮಾದರಿ ಮಾಡಿದ್ದು, ಬೇರೆಯವರಿಗೆ ತೋರಿಸಿ ತಿದ್ದಿಕೊಂಡಿದ್ದು, ಹೇಳಿದ ರೀತಿ. ಪ್ರತಿ ಭಾಗಕ್ಕೆ ಎರಡು ಸಾಲು, ಪ್ರತಿ ಸಾಲಿಗೆ 1ರಿಂದ 4ರವರೆಗೆ ಅಂಕ. ಮಂಡನೆ ಮನಸ್ಸು ಹಿಡಿದಿಡುವಂತಿತ್ತೇ ಎಂಬುದು ಈ ಹತ್ತರಲ್ಲಿ ಒಂದೇ ಸಾಲು.

ಮಕ್ಕಳು ಕರಡಿನ ಪ್ರತಿ ವಾಕ್ಯದ ಪಕ್ಕದಲ್ಲಿ ಅದು ಯಾವ ಸಾಲಿಗೆ ಸಲ್ಲುತ್ತದೆ ಎಂದು ಗುರುತು ಹಾಕಿದರು. ನಾಟಕ, ಘೋಷಣೆ ಎರಡೂ ಅದೇ ಒಂದು ಸಾಲಿಗೆ ಹೋದವು. ಬೇರೆ ಯಾವ ಉಪಾಯಗಳನ್ನು ಯೋಚಿಸಿ ಕೈಬಿಟ್ಟರು, ಸಾಧನವನ್ನು ಯಾರಿಗೆ ತೋರಿಸಿದರು, ತೋರಿಸಿದ ಮೇಲೆ ಏನು ಬದಲಾಯಿತು ಎಂಬ ಸಾಲುಗಳ ಎದುರು ಒಂದು ಗುರುತೂ ಬೀಳಲಿಲ್ಲ. ಕೆಲಸ ಆಗಿತ್ತು, ಮಾತಿನಲ್ಲಿ ಬಂದಿರಲಿಲ್ಲ. ಮಾತಿನಲ್ಲಿ ಬಾರದ ಕೆಲಸಕ್ಕೆ ತೀರ್ಪುಗಾರರು ಅಂಕ ಕೊಡುವುದಾದರೂ ಹೇಗೆ?

ಐದು ನಿಮಿಷವನ್ನು ಹತ್ತು ಸಾಲಿಗೆ ಹಂಚಿದರೆ ತಲಾ 30 ಸೆಕೆಂಡು. ಆದರೆ ಸಮನಾಗಿ ಹಂಚಲೇಬೇಕೆಂದಿಲ್ಲ. ಚೆನ್ನಾಗಿ ಕಾಣುವಂತೆ ಹಿಡಿದ ಮಾದರಿ ಅರ್ಧ ಮಾತನ್ನು ತಾನೇ ಆಡುತ್ತದೆ. ತಿದ್ದಿಕೊಂಡ ಕಥೆಯನ್ನು ಮಾತ್ರ ಬಾಯಿಬಿಟ್ಟು ಹೇಳಲೇಬೇಕು, ಏಕೆಂದರೆ ಮುಗಿದ ಸಾಧನದಲ್ಲಿ ಹಳೆಯ ತಪ್ಪುಗಳು ಕಾಣುವುದಿಲ್ಲ. ಹಾಗಾಗಿ ಹೊಸ ಹಂಚಿಕೆ ಹೀಗಾಯಿತು: ಸಮಸ್ಯೆಗೆ 60 ಸೆಕೆಂಡು, ಆಯ್ಕೆಗೆ 50, ಮಾದರಿಗೆ 60, ತಿದ್ದುಪಡಿಗೆ 90, ಪರಿಣಾಮಕ್ಕೆ 40.

ಜಗತ್ತಿನ ವಿದ್ಯುತ್ ಕೊರತೆಯ ಜಾಗಕ್ಕೆ ಮಕ್ಕಳದೇ ನೋಟ್‌ಬುಕ್ ಬಂತು. ಏಳು ದಿನ ಬರೆದಿಟ್ಟ ಲೆಕ್ಕದಲ್ಲಿ ಟ್ಯಾಂಕ್ ತುಂಬಿದ ಮೇಲೂ ಪಂಪು ದಿನಕ್ಕೆ ಸರಾಸರಿ 25 ನಿಮಿಷ ಓಡಿತ್ತು. ಒಂದು ಎಚ್‌ಪಿ ಮೋಟರೆಂದರೆ ಸುಮಾರು ಮುಕ್ಕಾಲು ಕಿಲೋವ್ಯಾಟ್. ಅಂದರೆ ದಿನಕ್ಕೆ ಯೂನಿಟ್ಟಿನ ಮೂರನೇ ಒಂದು ಭಾಗದಷ್ಟು ದಂಡ. ತಿದ್ದುಪಡಿಯ ಭಾಗದಲ್ಲಿ ಅಟೆಂಡರ್ ಬಂದರು. ಗಂಟೆ ಮೊದಲು ತಾರಸಿಯ ಮೇಲಿತ್ತು. “ಅಲ್ಲಿ ಬಾರಿಸಿದ್ರೆ ನಂಗೆ ಕೇಳೋದು ಹೇಗಪ್ಪಾ?” ಎಂದು ಅವರು ಕೇಳಿದ ಮೇಲೆ ತಂತಿ ಎಳೆದು ಗಂಟೆಯನ್ನು ಆಫೀಸಿಗೆ ತಂದರು. ಬ್ಯಾಟರಿಯ ತಂತಿ ಪಂಪಿನ ಕರೆಂಟಿನ ತಂತಿಯ ಹತ್ತಿರ ಸುಳಿಯಬಾರದು ಎಂದ ಎಲೆಕ್ಟ್ರಿಷಿಯನ್ ಮಾತಿನಂತೆ ದಾರಿಯನ್ನೂ ಬದಲಿಸಿದರು. ಯಾರು ಏನು ಹೇಳಿದರು, ಅದರಿಂದ ಏನು ಬದಲಾಯಿತು ಎಂಬುದು ಹೀಗೆ ಜೋಡಿಯಾಗಿ ಬಂದಾಗ ಎರಡೂ ಸಾಲುಗಳಿಗೆ ಸಾಕ್ಷಿ ಸಿಗುತ್ತದೆ.

ಇಲ್ಲೊಂದು ಎಡವಟ್ಟಿಗೂ ಜಾಗವಿದೆ. ಕೆಲವು ತಂಡಗಳು ರೂಬ್ರಿಕ್‌ನ ಪದಗಳನ್ನೇ ಒಪ್ಪಿಸಿಬಿಡುತ್ತವೆ: “ನಾವು ಅನೇಕ ಮೂಲಗಳಿಂದ ಸಂಶೋಧನೆ ಮಾಡಿದೆವು.” ಯಾವ ಮೂಲ, ಅಲ್ಲಿ ಏನು ಸಿಕ್ಕಿತು ಎಂದು ಹೇಳದಿದ್ದರೆ ಅದು ಬರೀ ಹೇಳಿಕೆ. ಅದೂ ಅಲ್ಲದೆ, ಈ ಹಾಳೆಯಲ್ಲಿ 4 ಅಂಕ ಕೊಡುವ ತೀರ್ಪುಗಾರರು ತಂಡ ನಿರೀಕ್ಷೆ ಮೀರಿದ್ದು ಹೇಗೆಂದು ಟಿಪ್ಪಣಿ ಬರೆಯಬೇಕು. ಅಟೆಂಡರ್ ಮತ್ತು ಗಂಟೆಯ ಪ್ರಸಂಗವನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಬಹುದು. “ತುಂಬ ಸಂಶೋಧನೆ ಮಾಡಿದರು” ಎಂದಷ್ಟೇ ಬರೆದರೆ ಅದು ಕಾರಣವಾಗುವುದಿಲ್ಲ.

ನಾಟಕ ಪೂರ್ತಿ ಹೋಗಲಿಲ್ಲ. ಅಟೆಂಡರ್ ಪಾತ್ರವಾಗಿ 15 ಸೆಕೆಂಡಿನಷ್ಟು ತಿದ್ದುಪಡಿಯ ಭಾಗದೊಳಗೆ ಸೇರಿಕೊಂಡಿತು. ನಗುವೂ ಉಳಿಯಿತು, ಸಾಕ್ಷಿಯೂ ಬಂತು.

ಇದೇ ಸಾಧನವನ್ನು ನಮ್ಮ ಶಾಲೆಗಳಿಗೆ ಹೆಚ್ಚು ಪರಿಚಿತವಾದ ಇನ್‌ಸ್ಪೈರ್ ಮಾನಕ್‌ಗೆ ಒಯ್ದರೆ ಮಾತಿನ ತೂಕ ಮತ್ತೆ ಬದಲಾಗಬೇಕು. ಅಲ್ಲಿ ಹೊಸತನ, ಸಮಾಜಕ್ಕೆ ಉಪಯೋಗ, ಪರಿಸರಸ್ನೇಹ, ಬಳಸಲು ಸುಲಭವೇ ಎಂಬುದರ ಜೊತೆಗೆ ಈಗಾಗಲೇ ಇರುವ ತಂತ್ರಜ್ಞಾನಕ್ಕಿಂತ ಇದು ಹೇಗೆ ಮೇಲು ಎಂಬುದನ್ನೂ ನೋಡುತ್ತಾರೆ. ಟ್ಯಾಂಕ್ ತುಂಬಿದೊಡನೆ ಪಂಪನ್ನೇ ನಿಲ್ಲಿಸುವ ಸಾಧನ ಅಂಗಡಿಯಲ್ಲಿ ಸಿಗುತ್ತದಲ್ಲ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಅಲ್ಲಿ ಮಕ್ಕಳು 90 ಸೆಕೆಂಡನ್ನು ಎತ್ತಿಡಬೇಕಾದದ್ದು ಆ ಉತ್ತರಕ್ಕೆ.